ಪದಚರ್ಚೆ: ಸಿದ್ಧತೆ, ಯತ್ನ, ಸಂಚು: ಆಯ್ಕೆಗಳಲ್ಲಿ ಗೆರೆ ಎಲ್ಲಿ?

ಶೋಭಾ: ಪರೀಕ್ಷೆಗೆ ಓದುವವರಿಗಾಗಿ ಕನ್ನಡದಲ್ಲಿ ಪ್ರಶ್ನೆಗಳನ್ನು ಸಿದ್ಧಪಡಿಸುತ್ತಿದ್ದೇವೆ. ಒಂದು ಪ್ರಶ್ನೆ ಹೀಗಿದೆ: "ಇವುಗಳಲ್ಲಿ ಯಾವುದು ಅಪರಾಧದ ಯತ್ನವಲ್ಲ?" ಆಯ್ಕೆಗಳು: (ಎ) ಕದಿಯಲು ಪರರ ಜೇಬಿಗೆ ಕೈಹಾಕಿದ, ಜೇಬು ಖಾಲಿ. (ಬಿ) ರಾಜ್ಯದಿಂದ ಹೊರಗೆ ಒಯ್ಯಬಾರದ ಭತ್ತ ತುಂಬಿದ ಲಾರಿ, ಗಡಿಗೆ ಎಷ್ಟೋ ಮೈಲಿ ಮೊದಲೇ ಸಿಕ್ಕಿಬಿತ್ತು. (ಸಿ) ಪದವಿ ಇಲ್ಲದವನು ಇದೆಯೆಂದು ಸುಳ್ಳು ಬರೆದು ಎಂ.ಎ. ಪರೀಕ್ಷೆಗೆ ಅರ್ಜಿ ಕಳಿಸಿದ. (ಡಿ) ಐವರು ಮಚ್ಚು, ಖಾರದಪುಡಿ ಹಿಡಿದು ದರೋಡೆಗೆ ಹೊಂಚು ಹಾಕಿ ಕೂತಿದ್ದರು. ಕೀಲಿ ಉತ್ತರ 'ಬಿ'. 'ಯತ್ನ' ಅನ್ನುವ ಪದದಿಂದ ಡಿ ಹೊರಗುಳಿಯುತ್ತದೆಯೇ? ಪತ್ರಿಕೆಯಲ್ಲಿ ಇಂಥದ್ದನ್ನು 'ದರೋಡೆಗೆ ಯತ್ನ' ಎಂದೇ ಬರೆಯುತ್ತಾರೆ.

ನಾಗರಾಜ್: ಯತ್ನ ಅಂದರೆ ಅಪರಾಧ ಪೂರ್ತಿಯಾಗಲು ಒಂದೇ ಹೆಜ್ಜೆ ಉಳಿದಿರಬೇಕು. ಹಾಗೆ ನೋಡಿದರೆ 'ಎ' ಮಾತ್ರ ಯತ್ನ. ಅರ್ಜಿ ಹಾಕಿದವನು ಪರೀಕ್ಷೆಗೇ ಕೂತಿಲ್ಲವಲ್ಲ, 'ಸಿ' ಬರೀ ಸಿದ್ಧತೆ.

ವಕೀಲ ಶ್ರೀಧರ: ನಾಗರಾಜ್ ಅವರೇ, 'ಎ' ಬಗ್ಗೆ ಹೇಳಿದ್ದು ಸರಿ. ಖಾಲಿ ಜೇಬಿನ ಉದಾಹರಣೆ ಕಾನೂನಿನಲ್ಲೇ ಇದೆ: ದಂಡ ಸಂಹಿತೆಯ 511ನೇ ಕಲಂನಲ್ಲಿತ್ತು, ಈಗ ನ್ಯಾಯ ಸಂಹಿತೆಯ 62ರಲ್ಲಿ. ಆದರೆ 'ಕೊನೆಗೆ ಒಂದೇ ಹೆಜ್ಜೆ' ಎಂಬ ಅಳತೆಯನ್ನು ಸುಪ್ರೀಂ ಕೋರ್ಟ್ ಒಪ್ಪಿಲ್ಲ. 'ಸಿ' ನಿಜವಾಗಿ ನಡೆದದ್ದೇ, 1961ರ ಅಭಯಾನಂದ ಮಿಶ್ರಾ ಪ್ರಕರಣ, ಪಟ್ನಾ ವಿಶ್ವವಿದ್ಯಾಲಯದ್ದು. ಅರ್ಜಿ ಬರೆದು ಮುಗಿಸುವವರೆಗೆ ಸಿದ್ಧತೆ; ಕಳಿಸಿದ ಕ್ಷಣದಿಂದ ವಂಚನೆಯ ಯತ್ನ ಅಂದಿತು ನ್ಯಾಯಾಲಯ. ಅಪರಾಧ ಎಸಗುವ ಹಾದಿಯಲ್ಲೇ ಮಾಡಿದ ಕೃತ್ಯವಾದರೆ ಸಾಕು, ಅದು ಕೊನೆಗೆ ಮುಂಚಿನದೇ ಆಗಿರಬೇಕಿಲ್ಲ.

'ಬಿ' ಮಲ್ಕಿಯತ್ ಸಿಂಗ್ ಪ್ರಕರಣ. ಪಂಜಾಬಿನಿಂದ ದಿಲ್ಲಿಗೆ ಹೊರಟ ಲಾರಿಯನ್ನು ದಿಲ್ಲಿಗೆ 32 ಮೈಲಿ ಇರುವಾಗ ಸಮಾಲ್ಖಾದಲ್ಲಿ ತಡೆದರು. ಸರಕು ದಿಲ್ಲಿಗೇ ಹೋಗುತ್ತಿತ್ತು ಎಂಬುದರಲ್ಲಿ ದೊಡ್ಡ ಅನುಮಾನವಿರಲಿಲ್ಲ. ಆದರೂ ದಾರಿಯಲ್ಲಿ ಮನಸ್ಸು ಬದಲಿಸಿ ವಾಪಸ್ ಹೋಗಲು ಅವಕಾಶವಿತ್ತು, ಆದ್ದರಿಂದ ಇದು ಸಿದ್ಧತೆ ಎಂದು ಬಿಡುಗಡೆಯಾಯಿತು. ಉದ್ದೇಶ ರುಜುವಾದ ಮಾತ್ರಕ್ಕೆ ಯತ್ನವಾಗದು. ಓದುವವರು ಎಡವುವುದು ಇಲ್ಲೇ, 'ಇನ್ನೇನು ಮಾಡಲು ಹೊರಟಿದ್ದ ಅಂತ ಗೊತ್ತಿತ್ತಲ್ಲ' ಎಂದು ಯತ್ನಕ್ಕೆ ಟಿಕ್ ಹಾಕುತ್ತಾರೆ.

ಈಗ ಶೋಭಾ ಮೇಡಂ, ನಿಮ್ಮ 'ಡಿ'. ಹೊಂಚು ಹಾಕಿ ಕೂತದ್ದು ಯತ್ನವಲ್ಲ, ಸಿದ್ಧತೆ. ಆದರೆ ದರೋಡೆಯ ಸಿದ್ಧತೆಗೇ ಪ್ರತ್ಯೇಕ ಶಿಕ್ಷೆ ಇದೆ, ನ್ಯಾಯ ಸಂಹಿತೆಯ 310(4)ರಲ್ಲಿ 10 ವರ್ಷದವರೆಗೆ ಕಠಿಣ ಸೆರೆ. ಹಾಗಾಗಿ "ಯತ್ನವಲ್ಲ" ಎಂದು ಕೇಳಿದರೆ ಬಿ, ಡಿ ಎರಡೂ ಉತ್ತರ, ಪ್ರಶ್ನೆ ರದ್ದಾಗುತ್ತದೆ. "ಇವುಗಳಲ್ಲಿ ಯಾವುದು ಯತ್ನವಾಗಿಯಾಗಲಿ ಸಿದ್ಧತೆಯಾಗಿಯಾಗಲಿ ಶಿಕ್ಷಾರ್ಹವಲ್ಲ?" ಎಂದು ಕೇಳಿ, ಆಗ 'ಬಿ' ಒಂದೇ ಉಳಿಯುತ್ತದೆ. ಪತ್ರಿಕೆಯ 'ದರೋಡೆಗೆ ಯತ್ನ' ನಂಬಿದರೆ ಎಫ್‌ಐಆರ್ ಓದಿದವರಿಗೆ ನಗು ಬರುತ್ತದೆ.

ಪದ್ಮಾವತಿ: 'ಪ್ರಚೋದನೆ' ಬರೆಯಬೇಕೋ 'ದುಷ್ಪ್ರೇರಣೆ' ಬರೆಯಬೇಕೋ ಎಂಬುದು ತಾನೇ ಪ್ರಶ್ನೆ? ಆತ್ಮಹತ್ಯೆಗೆ ಪ್ರಚೋದನೆ ಎಂದೇ ಎಲ್ಲರೂ ಬರೆಯುವುದು.

ಶ್ರೀಧರ: ಪ್ರಶ್ನೆ ಅದಲ್ಲ ಅಮ್ಮ, ಆದರೂ ಒಳ್ಳೆಯದನ್ನೇ ಎತ್ತಿದಿರಿ. ಕುಮ್ಮಕ್ಕು ಕೊಡುವುದು, ಸಂಚಿನಲ್ಲಿ ಸೇರುವುದು, ನೆರವಾಗುವುದು, ಮೂರೂ ದುಷ್ಪ್ರೇರಣೆಯೇ. ಪ್ರಚೋದನೆ ಅಂದರೆ ಮೊದಲನೆಯದು ಮಾತ್ರ ಕಾಣುತ್ತದೆ. ಆಯ್ಕೆಯಲ್ಲಿ 'ಪ್ರಚೋದನೆ' ಹಾಕಿದರೆ, ಕಳ್ಳನಿಗೆ ಏಣಿ ಹಿಡಿದು ನಿಂತವನನ್ನು ಓದುಗರು ಹೊರಗಿಡುತ್ತಾರೆ. ಕುಮ್ಮಕ್ಕು ಕೊಟ್ಟರೆ, ಕೇಳಿಸಿಕೊಂಡವನು ಒಲ್ಲೆ ಅಂದರೂ ದುಷ್ಪ್ರೇರಣೆ ಆಗಿಯೇ ಹೋಯಿತು.

ನಾಗರಾಜ್: ಹಾಗಾದರೆ 'ಡಿ'ಯಲ್ಲಿ ಐವರ ಬದಲು ನಾಲ್ವರು ಎಂದರೆ?

ಶ್ರೀಧರ: ಐವರಿಲ್ಲದೆ ದರೋಡೆ ಇಲ್ಲ, ಅದು ಸುಲಿಗೆ. ಸುಲಿಗೆಯ ಸಿದ್ಧತೆಗೆ ಪ್ರತ್ಯೇಕ ಶಿಕ್ಷೆ ಇಲ್ಲ. ಆದರೆ ಇಬ್ಬರಿದ್ದರೂ ಒಳಸಂಚು ಆಗುತ್ತದೆ, ಅಪರಾಧ ಮಾಡೋಣವೆಂಬ ಒಪ್ಪಂದವೇ ಸಾಕು, ಮುಂದೆ ಏನೂ ಮಾಡಬೇಕಿಲ್ಲ. ಹಾಗಾಗಿ 'ನಾಲ್ವರು ನಿರಪರಾಧಿಗಳು' ಎಂಬ ಆಯ್ಕೆ ತಪ್ಪು. ಒಪ್ಪಂದಕ್ಕೆ ಸಾಕ್ಷ್ಯ ಬೇಕು ಎಂಬುದು ಬೇರೆ ಮಾತು. ಸಂಚಿನಲ್ಲಿ ಸೇರಿ ದುಷ್ಪ್ರೇರಣೆ ಮಾಡಿದ ಎನ್ನಬೇಕಾದರೆ ಮಾತ್ರ, ಸಂಚಿನ ಮೇರೆಗೆ ಯಾವುದಾದರೂ ಕೃತ್ಯವೋ ಕಾನೂನುಬಾಹಿರ ಲೋಪವೋ ನಡೆದಿರಬೇಕು.

ಶೋಭಾ: 'ಬಿ'ಯಲ್ಲಿ ಗಡಿಗೆ ಎಷ್ಟು ದೂರ ಎಂದು ಬರೆಯಬೇಕೇ?

ಶ್ರೀಧರ: ಬರೆಯಿರಿ. 1980ರ ಮೊಹಮ್ಮದ್ ಯಾಕೂಬ್ ಪ್ರಕರಣದಲ್ಲಿ ರಾತ್ರಿ ಒಳನಾಡಿಗೆ ಚಾಚಿದ ಕಡಲ ನೀರಿನ ದಡದಲ್ಲಿ ವಾಹನದಿಂದ ಬೆಳ್ಳಿ ಗಟ್ಟಿಗಳನ್ನು ಇಳಿಸುತ್ತಿದ್ದಾಗ ನೀರಿನ ಕಡೆಯಿಂದ ದೋಣಿಯ ಎಂಜಿನ್ ಸದ್ದು ಕೇಳಿತು. ದೋಣಿಗೆ ಏರಿಸದಿದ್ದರೂ ಕಳ್ಳಸಾಗಣೆಯ ಯತ್ನ ಎಂದಾಯಿತು. ಬರೀ 'ಗಡಿಗೆ ಮೊದಲು' ಎಂದರೆ ನಿಮ್ಮ ಲಾರಿ ಯಾವ ಪ್ರಕರಣಕ್ಕೆ ಸೇರಿತು?

ನಾಗರಾಜ್: ಲಾರಿ ಗಡಿಗೆ ಒಂದೇ ಮೈಲಿ ಇರುವಾಗ ಸಿಕ್ಕಿದ್ದರೆ?

ಶ್ರೀಧರ: ಅದನ್ನು ವಾದಿಸಬಹುದು, ಪರೀಕ್ಷೆಗೆ ಕೊಡಬಾರದು.