ಕೆಂಪು ಅಂಗಿ ನೀಲಿ ಮಾಡಿದರೆ ಅಂಚಲ್ಲಿ ಕೆಂಪು ಉಳಿಯುತ್ತದೆ, ಇಲ್ಲವೇ ಮೆಟ್ಟಿಲು ಮೆಟ್ಟಿಲಾಗುತ್ತದೆ (ಗಿಂಪ್)

ಬಣ್ಣದಡಬ್ಬಿ:
ಒಂದು ಕಾರ್ಟೂನ್ ಹುಡುಗನ ಚಿತ್ರ ಇದೆ, ಪಿಎನ್‌ಜಿ ಫೈಲು. ನೆರಳು, ಹೊಳಪು ಏನೂ ಇಲ್ಲ, ಎಲ್ಲಾ ಚಪ್ಪಟೆ ಬಣ್ಣ. ಸುತ್ತ ಸುಮಾರು 6 ಪಿಕ್ಸೆಲ್ ದಪ್ಪದ ಕಪ್ಪು ಗೆರೆ. ಅಂಗಿಯ ಕೆಂಪು `#DC2828`. ಅದನ್ನು `#285AC8` ನೀಲಿ ಮಾಡಬೇಕು. Select by Color ತೆಗೆದುಕೊಂಡು ಅಂಗಿಯ ಮೇಲೆ ಒತ್ತಿ ನೀಲಿ ತುಂಬಿದೆ. Threshold 15 ಇದ್ದಾಗ ಗೆರೆಯ ಒಳಗಡೆ ಕೆಂಪು ದಾರ ಕಟ್ಟಿದ ಹಾಗೆ ಕಾಣುತ್ತದೆ. 120ಕ್ಕೆ ಏರಿಸಿದರೆ ಕೆಂಪು ಹೋಗುತ್ತದೆ, ಆದರೆ ಅಂಚು ಗರಗಸದ ಹಲ್ಲಿನಂತೆ ಆಗುತ್ತದೆ. ಜೊತೆಗೆ ಕಂದು ಬೂಟು ಕೂಡ ನೀಲಿ! ನಡುವಿನ ಯಾವ ಸಂಖ್ಯೆ ಸರಿ?

ಗೆರೆಗಾರ:
Threshold 60 ಇಡಿ. Feather edges ಟಿಕ್ ಮಾಡಿ 1 ಪಿಕ್ಸೆಲ್ ಕೊಡಿ. ನಾನು ಯಾವಾಗಲೂ ಹೀಗೇ ಮಾಡುವುದು, ನುಣುಪಾಗಿ ಬರುತ್ತದೆ.

ಬಣ್ಣದಡಬ್ಬಿ:
ಮಾಡಿ ನೋಡಿದೆ. ಹಲ್ಲು ಹಲ್ಲು ಕಾಣುವುದು ಕಡಿಮೆ ಆಯಿತು ನಿಜ. ಆದರೆ ದೊಡ್ಡದು ಮಾಡಿ ನೋಡಿದರೆ ಗೆರೆಯ ಪಕ್ಕ ಒಂಥರಾ ನೇರಳೆ ಕೊಳೆ ಕಾಣುತ್ತಿದೆ.

ಹಳೇಕುಂಚ:
ಸರಿಯಾದ ಸಂಖ್ಯೆ ಅಂತ ಒಂದಿಲ್ಲ, ಹುಡುಕಬೇಡಿ. ಚಿತ್ರವನ್ನು 800% ದೊಡ್ಡದು ಮಾಡಿ ಗೆರೆಯ ಅಂಚು ನೋಡಿ. ಕೆಂಪಿಗೂ ಕಪ್ಪಿಗೂ ನಡುವೆ ಒಂದು ಸಾಲು ಪಿಕ್ಸೆಲ್ ಎರಡೂ ಅಲ್ಲ. ಅರ್ಧ ಕೆಂಪು ಅರ್ಧ ಕಪ್ಪು ಕಲೆತಿರುವ ಪಿಕ್ಸೆಲ್ 110, 20, 20 ಆಗಿರುತ್ತದೆ. ನಿಮ್ಮ ಕೆಂಪು 220, 40, 40. ಕೆಂಪಿನ ಚಾನೆಲ್ ಒಂದರಲ್ಲೇ 110ರ ವ್ಯತ್ಯಾಸ. ಅದಕ್ಕೇ 15ಕ್ಕೆ ಆ ಪಿಕ್ಸೆಲ್ ಸಿಗಲಿಲ್ಲ, 120ಕ್ಕೆ ಸಿಕ್ಕಿತು. ಸಿಕ್ಕ ಮೇಲೆ ಪೂರ್ತಿ ನೀಲಿ ಆಯಿತು, ಅರ್ಧ ಕಪ್ಪು ಅಳಿಸಿಹೋಯಿತು. ಮೆಟ್ಟಿಲು ಬಂದದ್ದು ಅದರಿಂದ. ಬೂಟಿನ ಕಂದು ಕೂಡ ಅಷ್ಟೇ ದೂರದಲ್ಲಿ ಇದ್ದಿರಬೇಕು. ಫೆದರ್ ಮಾಡಿದರೆ ಆ ಪಿಕ್ಸೆಲ್ಲಿನಲ್ಲಿರುವ ಕೆಂಪು ಹೊರಗೆ ಹೋಗುವುದಿಲ್ಲ, ಅದರ ಮೇಲೆ ಸ್ವಲ್ಪ ನೀಲಿ ಬಳಿದಂತೆ ಆಗುತ್ತದೆ ಅಷ್ಟೇ. ನಿಮ್ಮ ನೇರಳೆ ಕೊಳೆ ಅದೇ.

ಬೇಕಾದದ್ದು ಆ ಪಿಕ್ಸೆಲ್ಲಿನಿಂದ ಕೆಂಪಿನ ಪಾಲನ್ನು ಮಾತ್ರ ತೆಗೆಯುವುದು. ಹೀಗೆ ಮಾಡಿ:

ಮೊದಲು ಲೇಯರಿನ ಒಂದು ಪ್ರತಿ ಮಾಡಿಕೊಂಡು ಮೂಲವನ್ನು ಮುಚ್ಚಿಡಿ. Threshold 15ರಲ್ಲೇ ಅಂಗಿಯನ್ನು ಆರಿಸಿ. ಬಾಯೊಳಗಿನ ನಾಲಿಗೆಯೂ ಅದೇ ಕೆಂಪಾಗಿದ್ದರೆ ಅದೂ ಆಯ್ಕೆಯಾಗಿರುತ್ತದೆ, Subtract ಮೋಡಿನಲ್ಲಿ ಕಳೆಯಿರಿ. ಈಗ Select > Grow, 2 ಪಿಕ್ಸೆಲ್. ಬೆರಕೆ ಪಿಕ್ಸೆಲ್ಲುಗಳು ಇದರೊಳಗೆ ಬಂದವು. ಆಮೇಲೆ Colors > Color to Alpha, ಬಣ್ಣ `#DC2828` ಕೊಡಿ. ಅಂಗಿ ಪಾರದರ್ಶಕ ಆಗುತ್ತದೆ, ಅಂಚಿನ ಪಿಕ್ಸೆಲ್ ಅರ್ಧ ಪಾರದರ್ಶಕ ಕಪ್ಪಾಗಿ ಉಳಿಯುತ್ತದೆ. ಆಯ್ಕೆ ಹಾಗೇ ಇರಲಿ. ಕೆಳಗೆ ಹೊಸ ಲೇಯರ್ ಇಟ್ಟು ನೀಲಿ ತುಂಬಿ.

ಗೆರೆ 2 ಪಿಕ್ಸೆಲ್ಲಿನಷ್ಟು ಸಣ್ಣದಾಗಿದ್ದರೆ Grow 1 ಸಾಕು, ಇಲ್ಲದಿದ್ದರೆ ಆಯ್ಕೆ ಗೆರೆ ದಾಟಿ ಆಚೆಯ ಬಣ್ಣಕ್ಕೆ ಕೈ ಹಾಕುತ್ತದೆ.

ಪುಟ್ಟಐಕಾನ್:
ಇಷ್ಟೆಲ್ಲಾ ಯಾಕೆ ಅಂತ ಗೊತ್ತಾಗಲಿಲ್ಲ. ನಾನು ಐಕಾನುಗಳಿಗೆ ಲೇಯರಿನ Lock alpha ಒತ್ತಿ ಬೇಕಾದ ಬಣ್ಣ ತುಂಬುತ್ತೇನೆ. ಅಂಚು ಒಂಚೂರೂ ಕೆಡುವುದಿಲ್ಲ.

ಹಳೇಕುಂಚ:
ನಿಮ್ಮದು ಒಂದೇ ಬಣ್ಣದ ಐಕಾನು, ಹಿನ್ನೆಲೆ ಪಾರದರ್ಶಕ, ಅಲ್ವಾ? ಅಂಚಿನ ಪಿಕ್ಸೆಲ್ಲಿನಲ್ಲಿ ಇನ್ನೊಂದು ಬಣ್ಣವೇ ಬೆರೆತಿಲ್ಲ. ಅದಕ್ಕೆ ನಿಮ್ಮ ದಾರಿಯೇ ಸರಿ, ಆಯ್ಕೆ ಮಾಡುವ ಕೆಲಸವೂ ಇಲ್ಲ. ಇವರ ಅಂಗಿಯ ಪಕ್ಕ ಕಪ್ಪು ಗೆರೆ ಇದೆ.

ಬಣ್ಣದಡಬ್ಬಿ:
ಕೆಂಪು ಪೂರ್ತಿ ಹೋಯಿತು, ಥ್ಯಾಂಕ್ಸ್! ಆದರೆ ಹೊಸದಾಗಿ ಎರಡು ತೊಂದರೆ. ಗೆರೆ ಮುಂಚಿಗಿಂತ ತೆಳ್ಳಗೆ ಕಾಣುತ್ತಿದೆ. ಇನ್ನೊಂದು, ತೋಳು ಮುಗಿದು ಕೈ ಶುರುವಾಗುವಲ್ಲಿ ಕಪ್ಪು ಗೆರೆ ಇಲ್ಲ, ಕೆಂಪಿಗೆ ನೇರವಾಗಿ ಮೈಬಣ್ಣ ತಾಗಿದೆ. ಅಲ್ಲಿ ಕೈಗೆ ನೀಲಿ ಶಾಯಿ ಅಂಟಿದ ಹಾಗಾಗಿದೆ. ಮೈಬಣ್ಣ `#F0BE96`.

ಹಳೇಕುಂಚ:
ಅಯ್ಯೋ, ಮೊದಲನೆಯದು ನಾನು ಹೇಳಲು ಮರೆತದ್ದು. ಗಿಂಪ್ 2.10ರಿಂದ Normal ಮೋಡಿನ ಲೇಯರುಗಳು ಲೀನಿಯರ್ ಬೆಳಕಿನ ಲೆಕ್ಕದಲ್ಲಿ ಬೆರೆಯುತ್ತವೆ. ಆದರೆ Color to Alpha ಹಳೆಯ ಲೆಕ್ಕದಲ್ಲೇ ಕೆಲಸ ಮಾಡುತ್ತದೆ. ನಿಮ್ಮ ನೀಲಿಯಲ್ಲಿ ನೀಲಿ ಚಾನೆಲ್ 200. ಅರ್ಧ ಕಪ್ಪು ಬಿದ್ದಾಗ 100 ಆಗಬೇಕು, ಆದರೆ 147ರ ಹತ್ತಿರ ಬರುತ್ತದೆ. ಅಂಚು ತಿಳಿಯಾದಷ್ಟೂ ಗೆರೆ ಸಪೂರ ಕಾಣುತ್ತದೆ. ಮೇಲಿನ ಲೇಯರ್ ಮೇಲೆ ಬಲ ಒತ್ತಿ Composite Space ಅನ್ನು RGB (perceptual) ಮಾಡಿ. ಮರ್ಜ್ ಮಾಡುವ ಮುಂಚೆಯೇ ಮಾಡಬೇಕು.

ಕೈಯದು ಬೇರೆ ಕತೆ. Color to Alpha ಎಷ್ಟು ಸಾಧ್ಯವೋ ಅಷ್ಟನ್ನೂ ಪಾರದರ್ಶಕ ಮಾಡುತ್ತದೆ. ಕಪ್ಪು, ಬಿಳಿ ಎರಡೂ ತುತ್ತತುದಿಯ ಬಣ್ಣಗಳು, ಅವುಗಳಲ್ಲಿ ಕೆಂಪು ಅಡಗಿರಲು ಜಾಗವೇ ಇಲ್ಲ. ಮೈಬಣ್ಣ ನಡುವಿನದು. ಅದರೊಳಗೂ 30%ನಷ್ಟು ನಿಮ್ಮ ಕೆಂಪು ಇದೆ ಅಂತ ಅದು ಲೆಕ್ಕ ಹಾಕಿ ತೆಗೆದುಬಿಡುತ್ತದೆ. ಆ ತೂತಿನಿಂದ ಕೆಳಗಿನ ನೀಲಿ ಇಣುಕುತ್ತದೆ. ಇದನ್ನು ತಡೆಯಲು Opacity threshold ಇದೆ. ಎರಡು ಬಣ್ಣಗಳ ನಡುವೆ ಅತಿ ಜಾಸ್ತಿ ವ್ಯತ್ಯಾಸ ಇರುವ ಚಾನೆಲ್ ನೋಡಿ. ಇಲ್ಲಿ ಹಸಿರು: 190ರಲ್ಲಿ 40 ಕಳೆದರೆ 150. ಅದನ್ನು 255ರಿಂದ ಭಾಗಿಸಿದರೆ 0.588. ಅಷ್ಟೇ ಕೊಡಿ, ಮೈಬಣ್ಣ ಗಟ್ಟಿಯಾಗಿ ನಿಲ್ಲುತ್ತದೆ.

ಆದರೆ ಇದನ್ನು ಇಡೀ ಅಂಗಿಗೆ ಕೊಡಬೇಡಿ. ಕಪ್ಪು ಗೆರೆಯ ಹತ್ತಿರ 0.588 ಇಟ್ಟರೆ ಕೆಂಪು ಮತ್ತೆ ಉಳಿಯುತ್ತದೆ. ಮೊದಲಿಂದ ಶುರುಮಾಡಿ, ತೋಳಿನ ತುದಿಯನ್ನು Free Selectನಿಂದ ಸುತ್ತಿ ಅಲ್ಲಿಗೆ ಮಾತ್ರ 0.588. ಉಳಿದ ಅಂಗಿಗೆ ಆ ತುಂಡನ್ನು ಕಳೆದು ಮಾಮೂಲಿ 1.

ತಿರುಗುಬಣ್ಣ:
Hue-Saturationನಲ್ಲಿ ಕೆಂಪನ್ನು ನೀಲಿಯ ಕಡೆ ತಿರುಗಿಸಿದರೆ ಒಂದೇ ಏಟಿಗೆ ಆಗುತ್ತಲ್ಲ? ಅಂಚಿನ ಗಾಢ ಕೆಂಪೂ ಜೊತೆಗೇ ತಿರುಗುತ್ತದೆ.

ಹಳೇಕುಂಚ:
ಕಪ್ಪು ಗೆರೆಯ ಹತ್ತಿರ ನಿಜ, ಕಪ್ಪು ಬೆರೆತರೂ ಹ್ಯೂ ಬದಲಾಗುವುದಿಲ್ಲ. ಮೈಬಣ್ಣ ತಾಗುವಲ್ಲಿ ಎಡವಟ್ಟಾಗುತ್ತದೆ. ನಿಖರವಾಗಿ `#285AC8` ಬರಿಸಲು ಮೂರೂ ಸ್ಲೈಡರ್ ಜೊತೆ ಗುದ್ದಾಡಬೇಕು. ಅಂದಾಜು ನೀಲಿ ಸಾಕು ಅನ್ನುವವರಿಗೆ ನಿಮ್ಮ ದಾರಿ ಬೇಗ.

ಗೆರೆಗಾರ:
ಎಸ್‌ವಿಜಿ ಮೂಲ ಫೈಲು ಸಿಗುತ್ತಾ ಕೇಳಿ ನೋಡಿ. ಸಿಕ್ಕರೆ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಇದೊಂದನ್ನು ಹುಡುಕಿ ಬದಲಿಸಿದರೆ ಮುಗಿಯಿತು:

```
fill="#DC2828"
```

ಬಣ್ಣದಡಬ್ಬಿ:
ಮೂಲ ಇಲ್ಲ, ಇರುವುದು ಈ ಪಿಎನ್‌ಜಿ ಮಾತ್ರ. ಸಾರ್ ಹೇಳಿದ ಹಾಗೆ ಎರಡು ತುಂಡಾಗಿ ಮಾಡಿದೆ. ಗೆರೆ ಮುಂಚಿನಷ್ಟೇ ದಪ್ಪ ಬಂತು, ಕೈ ಸ್ವಚ್ಛ. ಕೆಂಪು, ಕಪ್ಪು, ಮೈಬಣ್ಣ ಮೂರೂ ಸೇರುವ ಮೂಲೆಯಲ್ಲಿ ಮಾತ್ರ ನಾಲ್ಕೈದು ಪಿಕ್ಸೆಲ್ ಕೆಂಪಾಗಿ ಉಳಿದಿವೆ. ಅಲ್ಲಿ ಎಷ್ಟು ಕೊಡಲಿ?

ಹಳೇಕುಂಚ:
ಮೂರು ಬಣ್ಣ ಬೆರೆತ ಪಿಕ್ಸೆಲ್ಲಿಗೆ ಯಾವ ಸಂಖ್ಯೆಯೂ ಒಗ್ಗುವುದಿಲ್ಲ. ನಾನಾದರೆ 1 ಪಿಕ್ಸೆಲ್ ಪೆನ್ಸಿಲ್ ಹಿಡಿದು ಪಕ್ಕದ ಅಂಚಿನಿಂದ ಬಣ್ಣ ಎತ್ತಿ ಕೈಯಲ್ಲೇ ಹಚ್ಚುತ್ತೇನೆ.

ಗೆರೆಗಾರ:
ನಾನಾದರೆ ಬಿಟ್ಟುಬಿಡುತ್ತೇನೆ. 100%ನಲ್ಲಿ ಯಾರ ಕಣ್ಣಿಗೆ ಕಾಣುತ್ತದೆ?