ಸಜ್ಜೆ ಹಿಟ್ಟಿಗೆ ಆರು ತಿಂಗಳ ಬಾಳಿಕೆ ಇರುತ್ತದಾ?

“ಆನ್‌ಲೈನಲ್ಲಿ ಎರಡು ಸಜ್ಜೆ ಹಿಟ್ಟು ನೋಡಿದೆ. ಒಂದು ಅರ್ಧ ಕೆಜಿ, ಬಾಳಿಕೆ ಒಂದು ತಿಂಗಳು. ಇನ್ನೊಂದು ಎರಡು ಕೆಜಿ, ಆರು ತಿಂಗಳು, ರೇಟೂ ಕಮ್ಮಿ. ಎರಡನೆಯದೇ ತರಿಸಲಾ?”

ಅತ್ತೆ, ಎರಡನೆಯದು ಸದ್ಯಕ್ಕೆ ಬೇಡ. ಅವರು ಬರೆದಿರುವ ಮಾತುಗಳೇ ಒಂದಕ್ಕೊಂದು ಹೊಂದುತ್ತಿಲ್ಲ. ಫೋಟೋ ನೋಡಿದೆ. ‘ಇಡೀ ಕಾಳು, ಕಲ್ಲಿನಲ್ಲಿ ಬೀಸಿದ್ದು, ಏನೂ ತೆಗೆದಿಲ್ಲ’ ಅಂತ ಇದೆ, ಕೆಳಗೆ ಆರು ತಿಂಗಳು ಅಂತಲೂ ಇದೆ.

ಸಜ್ಜೆಯಲ್ಲಿ ಜಿಡ್ಡು ಜಾಸ್ತಿ. 100 ಗ್ರಾಂ ಸಜ್ಜೆಯಲ್ಲಿ ಸುಮಾರು 5 ಗ್ರಾಂ ಇರುತ್ತದೆ, ರಾಗಿಯಲ್ಲಿ 2 ಗ್ರಾಂ ಕೂಡ ಇರುವುದಿಲ್ಲ. ಈ ಜಿಡ್ಡು ಹೆಚ್ಚಾಗಿ ಇರುವುದು ಕಾಳಿನ ಮೊಳಕೆ ಒಡೆಯುವ ಭಾಗದಲ್ಲಿ. ಕಾಳು ಇಡಿಯಾಗಿರುವಾಗ ತೊಂದರೆ ಇಲ್ಲ, ಅದಕ್ಕೇ ಊರಲ್ಲಿ ಸಜ್ಜೆಯನ್ನು ಕಾಳಾಗಿಯೇ ಇಟ್ಟು, ಬೇಕಾದಷ್ಟನ್ನೇ ಗಿರಣಿಗೆ ಹಾಕಿಸುತ್ತಾರೆ. ಬೀಸಿದ ಮೇಲೆ ಜಿಡ್ಡಿಗೆ ಗಾಳಿ ತಾಗುತ್ತದೆ. ಕಾಳಿನಲ್ಲೇ ಇರುವ ಕಿಣ್ವ ಆ ಜಿಡ್ಡನ್ನು ಒಡೆಯಲು ಶುರು ಮಾಡುತ್ತದೆ. ಬೇಸಿಗೆಯಲ್ಲಿ ಹೊರಗಿಟ್ಟರೆ ಒಂದೆರಡು ವಾರಕ್ಕೇ ಹಿಟ್ಟು ಕಹಿಯಾಗಬಹುದು.

ಹಾಗಂತ ಆರು ತಿಂಗಳು ಅಂದಿದ್ದೆಲ್ಲ ಸುಳ್ಳಲ್ಲ. ಕಾಳನ್ನು ಕುದಿಯುವ ನೀರಲ್ಲಿ ಸ್ವಲ್ಪ ಹೊತ್ತು ಅದ್ದಿ, ಚೆನ್ನಾಗಿ ಒಣಗಿಸಿ ಬೀಸಿದರೆ ಆ ಕಿಣ್ವ ಸತ್ತುಹೋಗುತ್ತದೆ, ಹಿಟ್ಟು ತಿಂಗಳುಗಟ್ಟಲೆ ಇರುತ್ತದೆ. ಇಲ್ಲವೇ ಮೊಳಕೆ ಭಾಗವನ್ನೇ ತೆಗೆದು ಬೀಸುತ್ತಾರೆ. ಆದರೆ ಆಗ ಅದು ಇಡೀ ಕಾಳಿನ ಹಿಟ್ಟು ಅಲ್ಲ, ನೀವು ಆರೋಗ್ಯಕ್ಕೆ ಅಂತ ಹುಡುಕುತ್ತಿರುವುದೂ ಅದಲ್ಲ, ಅಲ್ವಾ? ಈ ಎರಡರಲ್ಲಿ ಯಾವುದು ಮಾಡಿದ್ದಾರೆ ಅಂತ ಬರೆಯಬೇಕಿತ್ತು. ‘ಕಲ್ಲಿನಲ್ಲಿ ಬೀಸಿದ್ದು’ ಅನ್ನುವುದು ಬೀಸಿದ ರೀತಿ ಅಷ್ಟೇ, ಅದರಿಂದ ಬಾಳಿಕೆ ಹೆಚ್ಚುವುದಿಲ್ಲ.

ಪ್ಯಾಕ್ ಮಾಡಿದ ದಿನವನ್ನೂ ಸುಮ್ನೆ ನಂಬಬೇಡಿ. ಮೊದಲೇ ಬೀಸಿ ಮೂಟೆಯಲ್ಲಿಟ್ಟು, ಆಮೇಲೆ ಪ್ಯಾಕ್ ಮಾಡಿರಬಹುದು. ‘ಬೀಸಿದ್ದು ಯಾವತ್ತು?’ ಅಂತ ಮೆಸೇಜ್ ಹಾಕಿ ಕೇಳಿ. ತಾವೇ ಬೀಸುವವರು ತಕ್ಷಣ ಹೇಳುತ್ತಾರೆ.

ಇನ್ನು ತೂಕ. ನೀವಿಬ್ಬರೇ, ವಾರಕ್ಕೆ ಎರಡು ದಿನ ರೊಟ್ಟಿ ಮಾಡುತ್ತೀರಿ. ತಲಾ ಎರಡು ಅಂದರೂ ವಾರಕ್ಕೆ ಎಂಟು ರೊಟ್ಟಿ. ಒಂದಕ್ಕೆ 50 ಗ್ರಾಂ ಹಿಡಿದರೆ 400 ಗ್ರಾಂ. ಎರಡು ಕೆಜಿ ಮುಗಿಯಲು ಐದು ವಾರ ಬೇಕು. ಕೊನೆಯ ಅರ್ಧ ಚೆಲ್ಲಬೇಕಾಗಿ ಬಂದರೆ ಕಮ್ಮಿ ರೇಟಿನ ಲಾಭ ಎಲ್ಲಿ ಉಳಿಯಿತು? ಅರ್ಧ ಕೆಜಿಯದೇ ತರಿಸಿ, ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ.

ಬಂದ ದಿನವೇ ಒಂದು ಚಿಟಿಕೆ ಹಿಟ್ಟು ನಾಲಿಗೆ ಮೇಲಿಟ್ಟು ನೋಡಿ. ತಾಜಾ ಸಜ್ಜೆ ಸ್ವಲ್ಪ ಸಿಹಿಯಾಗಿರುತ್ತದೆ. ನುಂಗಿದ ಮೇಲೆ ಗಂಟಲಲ್ಲಿ ಕಹಿ ಉಳಿದರೆ, ಹಳೇ ಎಣ್ಣೆಯ ವಾಸನೆ ಬಂದರೆ, ರೊಟ್ಟಿ ತಟ್ಟಲು ಹೋಗಬೇಡಿ. ಫೋಟೋ ತೆಗೆದು ವಾಪಸ್ ಕಳಿಸಿ.