ಕಣ್ಣಿನ ಬಿಳಿಯಲ್ಲಿ ರಕ್ತದ ಕಲೆ, ನೋವು ಮಾತ್ರ ಇಲ್ಲ: ನಿಮಗೂ ಆಗಿದೆಯಾ?

ಕೇಳಿದವರು: ಕೆಂಗಣ್ಣಿ

ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿ ನೋಡಿ ಬೆಚ್ಚಿಬಿದ್ದೆ. ಬಲಗಣ್ಣಿನ ಬಿಳಿ ಭಾಗದಲ್ಲಿ, ಕಿವಿ ಕಡೆಗೆ, ರಕ್ತ ಚೆಲ್ಲಿದ ಹಾಗೆ ಕೆಂಪು ಕಲೆ. ನೋವಿಲ್ಲ, ತುರಿಕೆ ಇಲ್ಲ, ನೀರು ಸುರಿಯುತ್ತಿಲ್ಲ, ಓದೋಕೂ ತೊಂದರೆ ಇಲ್ಲ. ವಯಸ್ಸು 46. ಒಂದು ವಾರದಿಂದ ಕೆಮ್ಮು ಇದೆ, ಅಷ್ಟೆ. ಯಾರಿಗಾದರೂ ಹೀಗಾಗಿದೆಯಾ? ತಾನಾಗಿ ಹೋಗುತ್ತದಾ, ಓಡಿ ಹೋಗಿ ತೋರಿಸಬೇಕಾ?

ಮನೆತುಂಬ ಮಕ್ಕಳು

ಅಯ್ಯೋ, ಕಣ್ಣು ಬೇನೆ ಇರಬೇಕು. ನಮ್ಮನೆಯಲ್ಲಿ ಒಬ್ಬರಿಗೆ ಬಂದು ನಾಲ್ಕು ಜನಕ್ಕೂ ಹಬ್ಬಿತ್ತು. ಟವೆಲ್, ದಿಂಬು ಬೇರೆ ಇಟ್ಟುಕೊಳ್ಳಿ, ಕಣ್ಣು ಮುಟ್ಟಿದ ಕೈಯಲ್ಲಿ ಮಕ್ಕಳನ್ನು ಮುಟ್ಟಬೇಡಿ.

ಹಳೆ ಕನ್ನಡಕ

ಮೇಲಿನವರ ಎಚ್ಚರಿಕೆ ಒಳ್ಳೆಯದೇ, ಆದರೆ ಇದು ಕಣ್ಣು ಬೇನೆ ಥರ ಕಾಣುತ್ತಿಲ್ಲ. ಆಪ್ಟೊಮೆಟ್ರಿಸ್ಟ್ ಆಗಿ ತುಂಬಾ ವರ್ಷ ಕೆಲಸ ಮಾಡಿದ್ದೇನೆ. ಕಣ್ಣು ಬೇನೆಯಲ್ಲಿ ಹತ್ತಿರದಿಂದ ನೋಡಿದರೆ ಕೆಂಪು ಎಳೆಗಳು ಒಂದೊಂದಾಗಿ ಕಾಣುತ್ತವೆ. ಬೆಳಿಗ್ಗೆ ಎದ್ದರೆ ಗೀಜು ಅಂಟಿರುತ್ತದೆ, ಮರಳು ಬಿದ್ದ ಹಾಗೆ ಚುಚ್ಚುತ್ತದೆ. ನೀವು ಹೇಳುತ್ತಿರುವುದರಲ್ಲಿ ಎಳೆಗಳೇ ಕಾಣುವುದಿಲ್ಲ. ಒಂದೇ ಬಣ್ಣ, ಅದರ ಪಕ್ಕಕ್ಕೆ ಅಚ್ಚ ಬಿಳಿ. ಹಾಗಿದ್ದರೆ ಅದು ಒಡೆದ ಸಣ್ಣ ರಕ್ತನಾಳ.

ಕಣ್ಣಿನ ಬಿಳಿಯ ಮೇಲೆ ಗಾಜಿನಂಥ ತೆಳು ಪೊರೆ ಇದೆ. ಪುಸ್ತಕಕ್ಕೆ ಹಾಕುವ ಪಾರದರ್ಶಕ ಹೊದಿಕೆ ಅಂದುಕೊಳ್ಳಿ. ಪೊರೆಯ ಒಂದು ಸಣ್ಣ ನಾಳ ಒಡೆದರೆ ರಕ್ತ ಹೊರಗೆ ಬರಲ್ಲ, ಹೊದಿಕೆಯ ಕೆಳಗೆ ಶಾಯಿ ಹರಡಿದ ಹಾಗೆ ಹರಡುತ್ತದೆ. ಅದಕ್ಕೇ ಕಣ್ಣೀರಿನಲ್ಲಿ ರಕ್ತ ಕಾಣುವುದಿಲ್ಲ, ಎಷ್ಟು ತೊಳೆದರೂ ಕಲೆ ಹೋಗುವುದಿಲ್ಲ. ಚರ್ಮದ ಕೆಳಗೆ ಇಷ್ಟೇ ರಕ್ತ ಇದ್ದರೆ ನೀಲಿಗಟ್ಟಿದ ಹಾಗೆ ಕಾಣುತ್ತದೆ. ಇಲ್ಲಿ ಪೊರೆ ತೆಳು, ಹೊರಗಿನ ಗಾಳಿಯ ಆಮ್ಲಜನಕ ಅದನ್ನು ದಾಟಿ ರಕ್ತಕ್ಕೆ ಸಿಗುತ್ತದೆ, ಹಾಗಾಗಿ ದಿನಗಟ್ಟಲೆ ಕೆಂಪಾಗಿಯೇ ಉಳಿಯುತ್ತದೆ. ನೋಡುವುದಕ್ಕೆ ಭಯಂಕರ, ಇರುವುದು ಒಂದೆರಡು ಹನಿ.

ಕೆಮ್ಮು, ಸೀನು, ವಾಂತಿ, ತಿಣುಕುವುದು, ಭಾರ ಎತ್ತುವುದು, ಕಣ್ಣು ಜೋರಾಗಿ ಉಜ್ಜುವುದು, ಇದರಲ್ಲಿ ಯಾವುದಾದರೂ ಸಾಕು. ಎಷ್ಟೋ ಸಲ ಕಾರಣ ಗೊತ್ತೇ ಆಗುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾಳೆ ಅಥವಾ ನಾಡಿದ್ದು ಕಲೆ ಇನ್ನೂ ದೊಡ್ಡದಾಗಿ ಕಾಣಬಹುದು. ಹೆಚ್ಚಿನವರು ಆವತ್ತೇ ಗಾಬರಿಯಾಗಿ ಓಡಿ ಬರುತ್ತಿದ್ದರು. ಬಹುತೇಕ ಅದು ಹೊಸ ರಕ್ತ ಅಲ್ಲ, ಇದ್ದ ರಕ್ತವೇ ತೆಳುವಾಗಿ ಹರಡಿ ಕೆಳಕ್ಕೆ ಇಳಿದಿರುತ್ತದೆ.

ರಕ್ತದೊತ್ತಡ 120

ಇದು ಬಿಪಿ, ಗ್ಯಾರಂಟಿ. ಬಿಪಿ ಜಾಸ್ತಿಯಾದರೆ ಕಣ್ಣಿನ ನರ ಒಡೆಯುತ್ತದೆ. ನನ್ನ ಭಾವನಿಗೆ ಹೀಗೇ ಆಗಿ ನೋಡಿಸಿದರೆ 180 ಇತ್ತು. ಆಸ್ಪಿರಿನ್ ಏನಾದರೂ ತಗೋತಾ ಇದ್ದರೆ ತಕ್ಷಣ ನಿಲ್ಲಿಸಿ. ಬಿಸಿ ಶಾಖ ಕೊಡಿ, ರಕ್ತ ಬೇಗ ಕರಗುತ್ತದೆ.

ಹಳೆ ಕನ್ನಡಕ

ಬಿಪಿ ನೋಡಿಸಿ ಅನ್ನುವುದು ಸರಿ, ಅದರಲ್ಲೂ 46ಕ್ಕೆ. ಗ್ಯಾರಂಟಿ ಅನ್ನುವುದು ತಪ್ಪು. ಬಿಪಿ ಇಲ್ಲದವರಿಗೂ ಆಗುತ್ತದೆ. ಒಡೆಯುವುದು ನರ ಅಲ್ಲ, ರಕ್ತನಾಳ. ಇನ್ನು, ಆಸ್ಪಿರಿನ್ ನಿಲ್ಲಿಸಿ ಅಂತ ದಯವಿಟ್ಟು ಯಾರಿಗೂ ಹೇಳಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಕಣ್ಣಿನ ಕಲೆಗೆ ಹೆದರಿ ಆ ಮಾತ್ರೆ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಕಲೆ ಹೋಗುತ್ತದೆ, ಹೃದಯಾಘಾತ ಆದರೆ ಏನು ಮಾಡುವುದು?

ಶಾಖದ ವಿಷಯದಲ್ಲಿ ನಾನು ಜಗಳ ಆಡಲ್ಲ. ಕೆಲವರು ಮೊದಲ ದಿನ ತಣ್ಣನೆ ಬಟ್ಟೆ, ಆಮೇಲೆ ಬೆಚ್ಚಗಿನದು ಅನ್ನುತ್ತಾರೆ. ಇಟ್ಟವರಿಗೂ ಇಡದವರಿಗೂ ಅಷ್ಟೇ ದಿನ ಹಿಡಿದದ್ದನ್ನು ನೋಡಿದ್ದೇನೆ. ಗುಡ್ಡೆಯ ಮೇಲೆ ಒತ್ತದಿದ್ದರೆ ಸಾಕು.

ಅಪ್ಪನ ಮಗಳು

ಮಾತ್ರೆಯ ಮಾತು ಬಂದಿದ್ದಕ್ಕೆ ನಮ್ಮನೆಯ ಕಥೆ ಹೇಳುತ್ತೇನೆ. ಅಪ್ಪನ ಹೃದಯದಲ್ಲಿ ಲೋಹದ ಕವಾಟ ಇದೆ, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ವಾರ್ಫರಿನ್ ಮಾತ್ರೆ ವರ್ಷಗಳಿಂದ ತಗೋತಾರೆ. ಒಂದು ದಿನ ಎಡಗಣ್ಣಿನಲ್ಲಿ ಇಂಥದೇ ಕಲೆ. ನೋವಿಲ್ಲ ಅಂತ ಅವರು ಸುಮ್ನೆ ಪೇಪರ್ ಓದುತ್ತಾ ಕೂತಿದ್ದರು. ನಾನೂ ಸುಮ್ಮನಾಗುತ್ತಿದ್ದೆ. ಆದರೆ ಬ್ರಷ್ ತೊಳೆಯುವಾಗ ಬಿರುಗೂದಲಿನ ಬುಡದಲ್ಲಿ ಕೆಂಪು ಕಂಡಿತು. ವಸಡಿನಲ್ಲಿ ಎರಡು ದಿನದಿಂದ ರಕ್ತ ಬರುತ್ತಿದೆ ಅಂತ ಆಮೇಲೆ ಬಾಯಿಬಿಟ್ಟರು. ತೋಳಿನಲ್ಲಿ, ಎಲ್ಲಿ ತಗುಲಿಸಿಕೊಂಡೆ ಅಂತ ಅವರಿಗೇ ಗೊತ್ತಿಲ್ಲದ, ಅಂಗೈ ಅಗಲದ ನೀಲಿ ಕಲೆ.

ಆವತ್ತೇ ರಕ್ತ ಪರೀಕ್ಷೆ ಮಾಡಿಸಿದೆವು. ಅವರ ಐಎನ್‌ಆರ್ 2.5ರಿಂದ 3.5ರೊಳಗೆ ಇರಬೇಕು ಅಂತ ಹೇಳಿದ್ದರು, ಬಂದದ್ದು 6.2. ಸಂಖ್ಯೆ ಏರಿದಷ್ಟೂ ರಕ್ತ ಹೆಪ್ಪುಗಟ್ಟುವುದು ನಿಧಾನ. ಡೋಸ್ ಬದಲಾಗಿರಲಿಲ್ಲ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ, ‘ಹೊಸ ಮಾತ್ರೆ ಏನಾದರೂ?’ ವಾರದ ಹಿಂದೆ ಹಲ್ಲಿನ ಸೋಂಕಿಗೆ ಮೆಟ್ರೊನಿಡಜೋಲ್ ಕೊಟ್ಟಿದ್ದರು. ವಾರ್ಫರಿನ್ ತಗೋತೀನಿ ಅಂತ ಅಪ್ಪ ಅಲ್ಲಿ ಹೇಳಿಯೇ ಇರಲಿಲ್ಲ. ಆ ಮಾತ್ರೆ ಜೊತೆಗೆ ಬಿದ್ದರೆ ವಾರ್ಫರಿನ್ನಿನ ಪ್ರಭಾವ ಏರಿಬಿಡುತ್ತದೆ. ಆಸ್ಪತ್ರೆಯಲ್ಲೇ ಡೋಸ್ ತಡೆಹಿಡಿದು, ಮತ್ತೆ ಮತ್ತೆ ಪರೀಕ್ಷೆ ಮಾಡಿ ಸರಿ ಮಾಡಿದರು. ಕವಾಟ ಇರುವುದರಿಂದ ಜಾಸ್ತಿ ಇಳಿಸುವ ಹಾಗೂ ಇಲ್ಲವಂತೆ. ಮನೆಯಲ್ಲಿ ನಾವೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ.

ಕಣ್ಣಿಗೆ ಯಾವ ಔಷಧಿಯೂ ಕೊಡಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಕಲೆ ತಾನಾಗಿ ಹೋಯಿತು.

ಕುಲುಮೆ

ನನಗೆ ಆಗಿದ್ದು ಬೇರೆ, ಆದರೂ ಬರೆಯುತ್ತೇನೆ. ಉಳಿಯ ತಲೆಗೆ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದೆ. ಕಣ್ಣಿಗೆ ಏನೋ ಟಕ್ ಅಂದ ಹಾಗಾಯಿತು, ಒಂದು ಕ್ಷಣ ಚುಚ್ಚಿ ಸುಮ್ಮನಾಯಿತು. ಸಂಜೆ ನೋಡಿದರೆ ಕಡಲೆಕಾಳಿನಷ್ಟು ಕೆಂಪು ಕಲೆ. ನೋವು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನೋವಿಲ್ಲದ ಕೆಂಪು ಕಲೆಗೆ ಹೆದರಬೇಡಿ ಅಂತ ಎಲ್ಲೋ ಓದಿದ್ದೆ, ಮಲಗಿದೆ. ಮರುದಿನ ಆ ಕಣ್ಣಿಗೆ ಸ್ವಲ್ಪ ಮಸುಕು. ಸ್ಕ್ಯಾನ್ ಮಾಡಿದರೆ ಕಣ್ಣಿನ ಒಳಗೆ ಕಬ್ಬಿಣದ ಚೂರು. ಒಳಗೆ ಹೋದ ತೂತನ್ನು ಆ ರಕ್ತದ ಕಲೆಯೇ ಮುಚ್ಚಿಕೊಂಡಿತ್ತು. ಆಪರೇಷನ್ ಆಯಿತು. ದೃಷ್ಟಿ ಪೂರ್ತಿ ವಾಪಸ್ ಬರಲಿಲ್ಲ.

ಹಳೆ ಕನ್ನಡಕ

ಕುಲುಮೆಯವರೇ, ಇದನ್ನು ಬರೆದದ್ದು ದೊಡ್ಡ ಉಪಕಾರ. ‘ನೋವಿಲ್ಲ’ ಅನ್ನುವುದನ್ನು ನಂಬಬಹುದಾದದ್ದು ಪೆಟ್ಟು ಬಿದ್ದಿಲ್ಲದಾಗ ಮಾತ್ರ. ಲೋಹಕ್ಕೆ ಲೋಹ ಹೊಡೆಯುವಾಗ, ಗ್ರೈಂಡರ್ ಹಿಡಿದಾಗ ಕಣ್ಣಿಗೆ ಏನಾದರೂ ತಗುಲಿ ಕಲೆ ಬಂದರೆ ನೋವು ಇರಲಿ ಬಿಡಲಿ ಆವತ್ತೇ ತೋರಿಸಬೇಕು. ಉಜ್ಜಬಾರದು, ಒತ್ತಬಾರದು. ಎಂಆರ್‌ಐ ಮಾಡಿಸುವ ಮಾತು ಬಂದರೆ ಕಬ್ಬಿಣದ ಚೂರಿನ ಅನುಮಾನ ಇದೆ ಅಂತ ಮೊದಲೇ ಹೇಳಬೇಕು, ಅದರ ಅಯಸ್ಕಾಂತಕ್ಕೆ ಚೂರು ಒಳಗೇ ಸರಿಯಬಹುದು.

ಕೆಂಗಣ್ಣಿಯವರೇ, ನಿಮಗೆ ಪೆಟ್ಟಿನ ಮಾತಿಲ್ಲ. ಆದರೂ ಕನ್ನಡಿ ಮುಂದೆ ಎರಡು ನಿಮಿಷ ನಿಲ್ಲಿ. ಕಿಟಕಿಯ ಬೆಳಕು ಮುಖಕ್ಕೆ ಬೀಳಲಿ. ಬಲಗಣ್ಣಿನ ಕಲೆ ಕಿವಿ ಕಡೆಗೆ ಅಂದಿರಿ, ಹಾಗಾದರೆ ಮುಖ ಬಲಕ್ಕೆ ತಿರುಗಿಸಿ, ನೋಟ ಮಾತ್ರ ಎಡಕ್ಕೆ, ಕನ್ನಡಿಯ ಕಡೆಗೇ ಇರಲಿ. ಕಲೆ ಪೂರ್ತಿ ಎದುರಿಗೆ ಬರುತ್ತದೆ. ಕಲೆಯ ಹಿಂದಿನ ಅಂಚು ಮುಗಿದು ಆಚೆಗೆ ಬಿಳಿ ಕಾಣುತ್ತದಾ ನೋಡಿ. ಕಂಡರೆ ನಾಳ ಮುಂದೆಯೇ ಒಡೆದದ್ದು. ತಲೆಗೋ ಮುಖಕ್ಕೋ ಪೆಟ್ಟು ಬಿದ್ದು, ಕಲೆಗೆ ಹಿಂದಿನ ಅಂಚೇ ಇಲ್ಲದೆ ಗುಡ್ಡೆಯ ಹಿಂದಕ್ಕೆ ಹೋಗುತ್ತಿದ್ದರೆ ಕಥೆ ಬೇರೆ, ತಲೆಬುರುಡೆಯ ಮೂಳೆ ಮುರಿದು ರಕ್ತ ಅಲ್ಲಿಂದ ಬಂದಿರಬಹುದು.

ಆಮೇಲೆ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಸಣ್ಣ ಅಕ್ಷರ ಓದಿ. ಎರಡೂ ತೆರೆದು ಓದಿದರೆ ಚೆನ್ನಾಗಿರುವ ಕಣ್ಣು ಇನ್ನೊಂದರ ತಪ್ಪನ್ನು ಮುಚ್ಚಿಬಿಡುತ್ತದೆ. ಕೊನೆಗೆ ಕಪ್ಪು ಗುಡ್ಡೆಯನ್ನು ನೋಡಿ. ಕಲೆ ಅದರ ಅಂಚಿಗೆ ಬಂದು ನಿಲ್ಲಬೇಕು. ಕಪ್ಪಿನ ಮುಂದೆ ಕೆಳಗಡೆ ಕೆಂಪು ನೀರು ನಿಂತ ಹಾಗೆ ಕಂಡರೆ ರಕ್ತ ಕಣ್ಣಿನ ಒಳಗಿದೆ, ಕಾಯುವ ಹಾಗಿಲ್ಲ. ನಿಜವಾದ ನೋವು, ಬೆಳಕು ನೋಡಲಾಗದಿರುವುದು, ಮಸುಕು, ಇವು ಬಂದರೂ ಹಾಗೇ.

ಕೆಂಪು ಕಳೆಯುವ ಡ್ರಾಪ್ಸ್ ಹಾಕಬೇಡಿ. ಅವು ನಾಳವನ್ನು ಕುಗ್ಗಿಸುತ್ತವೆ, ಚೆಲ್ಲಿದ ರಕ್ತವನ್ನು ಏನೂ ಮಾಡಲ್ಲ. ರೆಪ್ಪೆ ಬಡಿಯುವಾಗ ತಡೆದ ಹಾಗಾದರೆ ಕಣ್ಣೀರಿನಂಥ ಡ್ರಾಪ್ಸ್ ಸಾಕು.

ಮೂರನೇ ಸಲ

ಎಲ್ಲರೂ ಒಂದು ಸಲದ ಮಾತು ಆಡುತ್ತಿದ್ದೀರಿ. ನನಗೆ ಎಂಟು ತಿಂಗಳಲ್ಲಿ ಮೂರು ಸಲ ಆಗಿದೆ. ಬಿಪಿ ಸರಿ, ಶುಗರ್ ಸರಿ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಪ್ಲೇಟ್‌ಲೆಟ್ ಎಲ್ಲಾ ಸರಿ. ಪೊರೆ ಸಡಿಲ ಇರಬಹುದು ಅಂತ ಒಬ್ಬ ಡಾಕ್ಟರ್, ನಿದ್ದೆಯಲ್ಲಿ ಉಜ್ಜುತ್ತೀಯ ಅಂತ ಇನ್ನೊಬ್ಬರು. ಯಾರನ್ನು ನಂಬಲಿ?

ಹಳೆ ಕನ್ನಡಕ

ಇಬ್ಬರದೂ ಸರಿಯಿರಬಹುದು. ವಯಸ್ಸಾದ ಹಾಗೆ ಪೊರೆ ಸಡಿಲವಾಗಿ ಮಡಿಕೆ ಬೀಳುತ್ತದೆ, ಸಡಿಲ ಪೊರೆಯನ್ನು ಉಜ್ಜಿದರೆ ಬೇಗ ಒಡೆಯುತ್ತದೆ. ಪ್ರತಿ ಸಲ ಅದೇ ಜಾಗದಲ್ಲಿ ಬರುತ್ತದಾ ನೋಡಿ. ಅದೇ ಜಾಗ ಆದರೆ ಕಲೆ ಹೋದ ಮೇಲೆ, ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್‌ನಲ್ಲಿ ತೋರಿಸಿ. ಕಲೆ ಇರುವಾಗ ಕೆಳಗಿನ ನಾಳ ಕಾಣುವುದೇ ಇಲ್ಲ.

ರಕ್ತದೊತ್ತಡ 120

ನಾನು ಈಗಲೂ ಬಿಪಿ ಅಂತಲೇ ಹೇಳುತ್ತೇನೆ.

ಕೆಂಗಣ್ಣಿ

ಎಲ್ಲರಿಗೂ ಥ್ಯಾಂಕ್ಸ್. ಎರಡನೇ ದಿನ ಕಲೆ ನಿಜಕ್ಕೂ ದೊಡ್ಡದಾಯಿತು, ಕೆಳಗಿನ ರೆಪ್ಪೆವರೆಗೂ ಇಳಿಯಿತು. ಮೊದಲೇ ಹೇಳಿರದಿದ್ದರೆ ನಾನೂ ಓಡುತ್ತಿದ್ದೆ. ಹಿಂದಿನ ಅಂಚು ಕಂಡಿತು, ಎರಡೂ ಕಣ್ಣಲ್ಲಿ ಬೇರೆ ಬೇರೆ ಓದಿದೆ, ಸರಿ ಇದೆ. ಬಿಪಿ ನೋಡಿಸಿದೆ: 152/96. ಗಾಬರಿಗೆ ಏರಿರಬಹುದು, ಒಂದು ವಾರ ಬೆಳಿಗ್ಗೆ ಸಂಜೆ ಬರೆದಿಟ್ಟು ತನ್ನಿ ಅಂದರು ಡಾಕ್ಟರ್. ಬರೆದಿದ್ದೇನೆ, ಒಂದು ದಿನ 138, ಒಂದು ದಿನ 146, ಯಾವ ಕಡೆಗೂ ನಿಲ್ಲುತ್ತಿಲ್ಲ. ಕಲೆ ಬಂದದ್ದು ಅದರಿಂದಲೋ ಕೆಮ್ಮಿನಿಂದಲೋ ಹೇಳಲಾಗದು ಅಂದರು.

ಇವತ್ತು ಹನ್ನೊಂದನೇ ದಿನ. ಕೆಂಪು ಹೋಗಿ ಅಂಚಿನಲ್ಲಿ ಅರಿಶಿನದ ನೀರು ತಾಗಿದ ಹಾಗೆ ಹಳದಿ ಉಳಿದಿದೆ. ಕೆಮ್ಮು ಮಾತ್ರ ಇನ್ನೂ ಬಿಟ್ಟಿಲ್ಲ, ಅದಕ್ಕೆ ನಾಳೆ ಮತ್ತೆ ಹೋಗುತ್ತಿದ್ದೇನೆ.